ಪಟ್ಟಿಯ ಶಾರ್ಟ್ಸ್‌ನಲ್ಲಿ ಮೊದಲ ಸ್ಥಾನ ಯಾವುದಕ್ಕೆ?

ಪ್ರಶ್ನೆ: ಸರ್, ನಾನು ಗಂಗಾವತಿಯವನು. ‘ಕೊಪ್ಪಳ ಜಿಲ್ಲೆಯ ಟಾಪ್ 5 ತಾಣಗಳು’ ಎಂದು 50 ಸೆಕೆಂಡಿನ ಶಾರ್ಟ್ಸ್ ಮಾಡಿದ್ದೆ. ಅಂಜನಾದ್ರಿ, ಸಾಣಾಪುರ ಕೆರೆ, ಇಟಗಿ, ಕುಕನೂರು, ಹಿರೇಬೆಣಕಲ್ ಅದರಲ್ಲಿದ್ದವು. ಅಂಜನಾದ್ರಿಯನ್ನು ಮೊದಲು ತೋರಿಸಿದರೆ ಅದನ್ನು ನೋಡಿ ಹೊರಟುಬಿಡುತ್ತಾರೆ. ಅದನ್ನೇ ನಂಬರ್ 1 ಮಾಡಿ ಕೊನೆಗೆ ಇಟ್ಟರೂ ಅಲ್ಲಿಯವರೆಗೆ ಯಾರೂ ಬರುವುದಿಲ್ಲ. ಹಾಗಾದರೆ ಅದನ್ನು ಎಲ್ಲಿಡಬೇಕು?

ಉತ್ತರ: ಅಂಜನಾದ್ರಿಯನ್ನು ಮೊದಲಿಗೇ ಇಡಿ, ಆದರೆ ನಂಬರ್ 1 ಎಂದಲ್ಲ, ನಂಬರ್ 5 ಎಂದು. ವೀಡಿಯೊದ ಕೊನೆಗೆ, ನಂಬರ್ 1 ಎಂದು, ಹಿರೇಬೆಣಕಲ್‌ನ ಕಲ್ಲುಮನೆಗಳನ್ನು ಇಡಿ.

ಹೆಚ್ಚು ಹೆಸರಾದದ್ದು ಮತ್ತು ಹೆಚ್ಚು ಬಲವಾದದ್ದು ಒಂದೇ ಎಂದು ಭಾವಿಸಿರುವುದರಿಂದಲೇ ನಿಮ್ಮ ಎರಡೂ ಪ್ರಯೋಗಗಳು ಕೈಕೊಟ್ಟಿವೆ. ಕೊಪ್ಪಳ ಜಿಲ್ಲೆಯ ಪಟ್ಟಿ ಎಂದ ಕೂಡಲೇ ನಮ್ಮ ಭಾಗದ ಯಾರೇ ಆದರೂ ಮೊದಲ ಸ್ಥಾನ ಅಂಜನಾದ್ರಿಯದ್ದೇ ಎಂದು ಊಹಿಸುತ್ತಾರೆ. ಊಹೆ ಅಷ್ಟು ಗಟ್ಟಿಯಾಗಿರುವಾಗ 40 ಸೆಕೆಂಡು ಕಾಯಲು ಅವರಿಗೆ ಕಾರಣವೇ ಉಳಿಯುವುದಿಲ್ಲ. ಪರಿಚಿತ ತಾಣವು ಬೆರಳನ್ನು ತಡೆದು ನಿಲ್ಲಿಸಲು ಒಳ್ಳೆಯದು, ಏಕೆಂದರೆ ಬೆಟ್ಟದ ಮೆಟ್ಟಿಲು ಮತ್ತು ತುದಿಯ ಬಿಳಿ ಗುಡಿಯನ್ನು ಕಂಡೊಡನೆ ‘ಇದು ನಮ್ಮ ಕಡೆಯದು’ ಎಂದು ನೋಡುಗ ಗುರುತಿಸುತ್ತಾನೆ. ಕೊನೆಯವರೆಗೆ ಹಿಡಿದಿಡಲು ಮಾತ್ರ ಅವನು ಊಹಿಸಲಾಗದ ತಾಣವೇ ಬೇಕು.

ಆದರೆ ‘ಟಾಪ್ 5’ ಎಂಬ ಶೀರ್ಷಿಕೆಯಡಿ ಅಂಜನಾದ್ರಿಗೆ ಐದನೆಯ ಸ್ಥಾನ ಕೊಟ್ಟರೆ ಕಮೆಂಟ್‌ಗಳಲ್ಲಿ ಜಗಳ ಶುರುವಾಗುತ್ತದೆ, ಮತ್ತು ಆ ಜಗಳದಲ್ಲಿ ನ್ಯಾಯ ಜನರ ಕಡೆಗೇ ಇರುತ್ತದೆ. ಆದ್ದರಿಂದ ತಾಣಗಳ ಕ್ರಮವನ್ನು ಬದಲಿಸುವ ಮೊದಲು ಅಳತೆಗೋಲನ್ನು ಬದಲಿಸಿ. ‘ಎಷ್ಟು ಚೆನ್ನಾಗಿದೆ’ ಎಂಬುದನ್ನು ಬಿಟ್ಟು ‘ಎಷ್ಟು ಜನ ಹೋಗಿದ್ದಾರೆ’ ಎಂಬುದರ ಮೇಲೆ ಪಟ್ಟಿ ಮಾಡಿದರೆ, ಎಲ್ಲರಿಗೂ ಗೊತ್ತಿರುವ ತಾಣದಿಂದ ಆರಂಭಿಸಿ ಕೆಲವರಷ್ಟೇ ಕಂಡಿರುವ ತಾಣಕ್ಕೆ ಮುಗಿಸುವುದು ಪ್ರಾಮಾಣಿಕ ಕ್ರಮವೇ ಆಗುತ್ತದೆ. ‘ಕೊಪ್ಪಳ ಜಿಲ್ಲೆಯ 5 ತಾಣಗಳು, ಇವುಗಳಲ್ಲಿ ನೀವು ಎಷ್ಟಕ್ಕೆ ಹೋಗಿದ್ದೀರಿ?’ ಎಂಬ ಶೀರ್ಷಿಕೆ ಇಟ್ಟರೆ ನೋಡುಗ ಪ್ರತಿ ತಾಣಕ್ಕೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಕೂರುತ್ತಾನೆ.

ಇನ್ನು ಪಟ್ಟಿಯ ನಡುಭಾಗ. ಸಾಮಾನ್ಯವಾಗಿ ವೀಡಿಯೊ ಕುಸಿಯುವುದು ಇಲ್ಲಿಯೇ, ಮತ್ತು ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಸ್ಪಷ್ಟ ಕಾರಣವಿದೆ. ಇಟಗಿಯ ಮಹಾದೇವ ದೇವಾಲಯ, ಕುಕನೂರಿನ ನವಲಿಂಗ ದೇವಾಲಯ ಎರಡೂ ಶಿಲ್ಪಕಲೆಯ ದೃಷ್ಟಿಯಿಂದ ಅಮೂಲ್ಯವಾದವು, ಆದರೆ ಮೊಬೈಲಿನ ಪರದೆಯಲ್ಲಿ ಒಂದರ ಹಿಂದೆ ಒಂದು ಬಂದಾಗ ಕಲ್ಲಿನ ಕಂಬ, ಕಲ್ಲಿನ ಗೋಪುರ ಎಂದಷ್ಟೇ ಕಾಣುತ್ತವೆ. ಎರಡನೆಯದು ಮೊದಲನೆಯದರ ಮುಂದುವರಿಕೆ ಎಂದು ಭಾವಿಸಿ ನೋಡುಗ ಮುಂದಕ್ಕೆ ಸರಿಸುತ್ತಾನೆ. ಕುಕನೂರನ್ನು ಈ ವೀಡಿಯೊದಿಂದ ಕೈಬಿಡಿ. ಅದರ ಬದಲು ಕೊಪ್ಪಳದ ಗವಿಮಠದ ಬೆಟ್ಟದ ಮೇಲಿರುವ ಅಶೋಕನ ಶಿಲಾಶಾಸನವನ್ನು ತನ್ನಿ. ಬಂಡೆಯ ಮೇಲಿನ ಅಕ್ಷರಗಳು ಚಿತ್ರವಾಗಿ ಸಪ್ಪೆ ಎನಿಸಬಹುದು, ಆದರೆ ಮಾತಿನಲ್ಲಿ ಅದು ಬಲವಾಗಿ ನಿಲ್ಲುತ್ತದೆ: ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ, ಅದೇ ಬೆಟ್ಟದ ಮೇಲೆ 2,200 ವರ್ಷಗಳಿಗೂ ಹಳೆಯ ಅಕ್ಷರಗಳಿವೆ ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ತಿಳಿದಿಲ್ಲ.

ಈಗ 50 ಸೆಕೆಂಡುಗಳನ್ನು ಹಂಚೋಣ. ಮೊದಲ 2 ಸೆಕೆಂಡು ಹಿರೇಬೆಣಕಲ್‌ನ ಕಲ್ಲುಮನೆಯ ಚಪ್ಪಡಿಯಲ್ಲಿ ಕೊರೆದಿರುವ ದುಂಡನೆಯ ಕಿಂಡಿಯನ್ನು ಬಹಳ ಹತ್ತಿರದಿಂದ ತೋರಿಸಿ, ಹೆಸರು ಹೇಳಬೇಡಿ. ‘ಈ ಮನೆಯಲ್ಲಿ ಯಾರೂ ವಾಸ ಮಾಡಿಲ್ಲ’ ಎಂಬ ಒಂದು ವಾಕ್ಯ ಸಾಕು. ‘ಕೊನೆಯವರೆಗೂ ನೋಡಿ’ ಎಂದು ಬೇಡಿಕೊಳ್ಳುವುದಕ್ಕಿಂತ ಈ ವಾಕ್ಯ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಏನು ಉಳಿದಿದೆ ಎಂಬುದು ನೋಡುಗನಿಗೆ ಗೊತ್ತಾಗುತ್ತದೆ, ಅದು ಯಾವುದು ಎಂಬುದಷ್ಟೇ ಗೊತ್ತಾಗುವುದಿಲ್ಲ. ಅನಂತರ ಅಂಜನಾದ್ರಿಗೆ 10 ಸೆಕೆಂಡು. ಸಾಣಾಪುರ ಕೆರೆಗೆ 7 ಸೆಕೆಂಡು ಸಾಕು. ನೀರು ಮತ್ತು ಹರಿಗೋಲಿನ ದೃಶ್ಯಕ್ಕೆ ಹೆಚ್ಚು ವಿವರಣೆ ಬೇಡ. ಇಟಗಿಗೆ 9 ಸೆಕೆಂಡು: 1112ರಲ್ಲಿ ದಂಡನಾಯಕ ಮಹದೇವ ಕಟ್ಟಿಸಿದ ಈ ಗುಡಿಯನ್ನು ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದೆ ಎಂಬ ಒಂದೇ ಸಂಗತಿಯನ್ನು ಹೇಳಿ ಮುಂದೆ ಹೋಗಿ. ಅಶೋಕನ ಶಾಸನಕ್ಕೆ 8 ಸೆಕೆಂಡು. ಉಳಿದ 14 ಸೆಕೆಂಡು ಹಿರೇಬೆಣಕಲ್‌ನದು.

ಆ 14 ಸೆಕೆಂಡಿನಲ್ಲಿ ಹೆಸರನ್ನು ಯಾವಾಗ ಹೇಳುತ್ತೀರಿ ಎಂಬುದು ಬಹಳ ಮುಖ್ಯ. ‘ನಂಬರ್ 1, ಹಿರೇಬೆಣಕಲ್’ ಎಂದು ಆರಂಭಿಸಿದರೆ ಪಟ್ಟಿ ಅಲ್ಲಿಗೇ ಮುಗಿದುಹೋಯಿತು. ಉತ್ತರ ಸಿಕ್ಕವನು ಉಳಿದ 12 ಸೆಕೆಂಡು ಕಾಯುವುದಿಲ್ಲ. ಮೊದಲು ಗುಡ್ಡದ ಮೇಲೆ ಸಾಲಾಗಿ ನಿಂತ ಕಲ್ಲುಮನೆಗಳನ್ನು ತೋರಿಸಿ, ಆಮೇಲೆ ಆರಂಭದಲ್ಲಿ ಕಂಡ ಕಿಂಡಿಗೆ ಬನ್ನಿ, ಇವು ಕಬ್ಬಿಣ ಯುಗದ ಜನ ಸತ್ತವರಿಗಾಗಿ ನಿಲ್ಲಿಸಿದ ಕಲ್ಲುಗಳು ಎಂದು ತಿಳಿಸಿ, ಊರಿನ ಹೆಸರು ಮತ್ತು ಗಂಗಾವತಿ ತಾಲ್ಲೂಕು ಎಂಬುದನ್ನು ಕಡೆಯ 3 ಸೆಕೆಂಡಿನಲ್ಲಿ ಹೇಳಿ. ಹೆಸರು ಮುಗಿದೊಡನೆ ವೀಡಿಯೊ ನಿಲ್ಲಲಿ. ಸಬ್‌ಸ್ಕ್ರೈಬ್ ಮಾಡಿ ಎಂಬ ಕೋರಿಕೆಯನ್ನು ಅಲ್ಲಿ ಸೇರಿಸಿದರೆ ನೀವೇ ಬಾಗಿಲು ತೆರೆದುಕೊಟ್ಟಂತೆ. ಕವರ್ ಚಿತ್ರದಲ್ಲಿಯೂ ಹ್ಯಾಶ್‌ಟ್ಯಾಗ್‌ನಲ್ಲಿಯೂ ಹಿರೇಬೆಣಕಲ್‌ನ ಹೆಸರು ಇರಬಾರದು. ಗುಟ್ಟು ಹೆಚ್ಚಾಗಿ ಬಯಲಾಗುವುದು ಅಲ್ಲಿಯೇ.

‘ಟಾಪ್ 5’ ಎಂಬ ಶೀರ್ಷಿಕೆಯೇ ಬೇಕು ಎನ್ನುವುದಾದರೆ ಇನ್ನೊಂದು ದಾರಿಯಿದೆ. ಪರದೆಯ ಎಡಬದಿಯಲ್ಲಿ 1ರಿಂದ 5ರವರೆಗೆ ಖಾಲಿ ಸಾಲುಗಳನ್ನು ಬರೆದಿಟ್ಟು, 2, 5, 4, 3, 1 ಎಂಬ ಕ್ರಮದಲ್ಲಿ ತುಂಬುತ್ತಾ ಹೋಗಿ. ಎರಡನೆಯ ಬಲದ ತಾಣ ಆರಂಭಕ್ಕೆ ಸಿಗುತ್ತದೆ, ಶ್ರೇಯಾಂಕವೂ ಸುಳ್ಳಾಗುವುದಿಲ್ಲ, ಖಾಲಿ ಉಳಿದ 1ನೇ ಸಾಲು ಕಣ್ಣೆದುರೇ ಇರುತ್ತದೆ. ಬಲಬದಿ ಮತ್ತು ಕೆಳಭಾಗವನ್ನು ಆ್ಯಪ್‌ನ ಬಟನ್‌ಗಳು, ಶೀರ್ಷಿಕೆ ಮುಚ್ಚುವುದರಿಂದ ಪಟ್ಟಿಯನ್ನು ಅಲ್ಲಿ ಬರೆಯಬೇಡಿ. ಆದರೆ ಈ ವಿಧಾನದಲ್ಲಿಯೂ 1ನೇ ಸ್ಥಾನ ಊಹೆಗೆ ಸಿಗುವಂತಿದ್ದರೆ ಲಾಭವಿಲ್ಲ.

ಫಲಿತಾಂಶವನ್ನು ವ್ಯೂಸ್ ಸಂಖ್ಯೆಯಿಂದ ಅಳೆಯಬೇಡಿ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವೀಡಿಯೊ ಓಡಲು ಆರಂಭಿಸಿದರೆ ಸಾಕು, ಅದು ಒಂದು ವ್ಯೂ ಎನಿಸಿಕೊಳ್ಳುತ್ತದೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರೇಕ್ಷಕರು ಎಲ್ಲಿಯವರೆಗೆ ಉಳಿದರು ಎಂದು ತೋರಿಸುವ ರಿಟೆನ್ಷನ್ ಗೆರೆಯನ್ನು ನೋಡಿ. ಮೊದಲ 3 ಸೆಕೆಂಡಿನಲ್ಲೇ ಗೆರೆ ಕಡಿದಾಗಿ ಇಳಿದಿದ್ದರೆ ದೋಷ ಆರಂಭದ ದೃಶ್ಯದ್ದು; ತಾಣಗಳನ್ನು ಎಷ್ಟು ಹಿಂದೆ ಮುಂದೆ ಮಾಡಿದರೂ ಅದು ಸರಿಯಾಗುವುದಿಲ್ಲ. ಪ್ರತಿ ನಂಬರ್ ಬದಲಾಗುವಲ್ಲಿ ಮೆಟ್ಟಿಲಿನಂತೆ ಇಳಿದಿದ್ದರೆ ತಾಣಗಳ ನಡುವಿನ ನಿಲುಗಡೆಯೇ ಹೊರಹೋಗಲು ಅವಕಾಶ ಕೊಡುತ್ತಿದೆ ಎಂದರ್ಥ. ಆಗ ಹಿಂದಿನ ತಾಣದ ಚಿತ್ರ ಇನ್ನೂ ಇರುವಾಗಲೇ, ಅರ್ಧ ಸೆಕೆಂಡು ಮುಂಚೆ, ಮುಂದಿನ ತಾಣದ ಮಾತನ್ನು ಆರಂಭಿಸಿ. ಒಂದೇ ತಾಣದ ಬಳಿ ಇಳಿದಿದ್ದರೆ ಅದನ್ನು ಮೊಟಕುಗೊಳಿಸಿ ಅಥವಾ ತೆಗೆದುಹಾಕಿ. ಕೆಲವೇ ನೂರು ಜನ ನೋಡಿದ ವೀಡಿಯೊದ ಗೆರೆ ಅಲ್ಲಾಡುತ್ತಲೇ ಇರುತ್ತದೆ, ಅದನ್ನು ನಂಬಿ ಪಟ್ಟಿಯನ್ನು ಕಲಕಬೇಡಿ.

ಹಳೆಯ ವೀಡಿಯೊವನ್ನು ಅಳಿಸದೆ ಹೊಸದನ್ನು ಬೇರೆಯಾಗಿ ಹಾಕಿ. ಎರಡರ ಗೆರೆಗಳಲ್ಲಿಯೂ 36ನೇ ಸೆಕೆಂಡಿನಲ್ಲಿ ಎಷ್ಟು ಶೇಕಡ ಜನ ಉಳಿದಿದ್ದಾರೆ ಎಂಬುದನ್ನು ಹೋಲಿಸಿ, ಏಕೆಂದರೆ ಹೊಸ ಹಂಚಿಕೆಯಲ್ಲಿ ಹಿರೇಬೆಣಕಲ್ ಆರಂಭವಾಗುವುದು ಆ ಹಂತದಲ್ಲಿ. ಕುಕನೂರಿನ ದೃಶ್ಯಗಳನ್ನು ಕಾಯ್ದಿಟ್ಟುಕೊಳ್ಳಿ, ಗುಡಿಗಳದ್ದೇ ಪಟ್ಟಿ ಮಾಡುವಾಗ ಅದು ಆರಂಭಕ್ಕೆ ಬರಬಹುದು.