ಟೋಕನ್ ಎಣಿಸದೆ ಪರ್‌ಪ್ಲೆಕ್ಸಿಟಿ ಹೋಲಿಸಬೇಡಿ

ಪ್ರಶ್ನೆ: ಒಂದೇ ಕನ್ನಡ ಡೇಟಾದಲ್ಲಿ ಎರಡು ಭಾಷಾ ಮಾಡೆಲ್ ಟ್ರೇನ್ ಮಾಡಿದ್ದೇನೆ, ಟೋಕನೈಸರ್ ಮಾತ್ರ ಬೇರೆ. ಒಂದರ ಪರ್‌ಪ್ಲೆಕ್ಸಿಟಿ 5, ಇನ್ನೊಂದರದು 70. 5 ಇರೋದನ್ನೇ ಇಟ್ಟುಕೊಳ್ಳಲಾ, ಅಥವಾ 70 ಇರೋದನ್ನ ಇನ್ನೂ ಟ್ರೇನ್ ಮಾಡ್ಲಾ?

ಎರಡೂ ಬೇಡ. ಮೊದಲು ಆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡೋದನ್ನು ಬಿಡಿ. ನಾನು ಹಾಗೆ ನೋಡಿ ಒಂದು ಇಡೀ ಮಳೆಗಾಲ ಕಳೆದುಕೊಂಡಿದ್ದೇನೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಬರಹಕ್ಕೆ ಇಳಿಸುವ ಕೆಲಸ ನಮ್ಮದಾಗಿತ್ತು. ಒಂದೇ ಮಾತಿಗೆ ಧ್ವನಿ ಗುರುತಿಸುವ ಭಾಗ ನಾಲ್ಕೈದು ವಾಕ್ಯ ಕೊಡುತ್ತದೆ, ಅದರಲ್ಲಿ ಸರಿಯಾದ ಕನ್ನಡ ಯಾವುದು ಅಂತ ಭಾಷಾ ಮಾಡೆಲ್ ಆರಿಸಬೇಕು. ನನ್ನ ಹತ್ತಿರ ಎರಡು ಮಾಡೆಲ್ ಇದ್ದವು. ಒಂದಕ್ಕೆ ಇಂಗ್ಲಿಷ್ ಪಠ್ಯದಿಂದಲೇ ಕಲಿತ ರೆಡಿಮೇಡ್ ಟೋಕನೈಸರ್, ಇನ್ನೊಂದಕ್ಕೆ ನಾನೇ ಕನ್ನಡ ಪಠ್ಯದಿಂದ ಕಟ್ಟಿದ್ದು. ಮೊದಲನೆಯದರ ಪರ್‌ಪ್ಲೆಕ್ಸಿಟಿ 3.3, ಎರಡನೆಯದರದು 99. ನಾನು ಒಂದು ನಿಮಿಷವೂ ಯೋಚಿಸಲಿಲ್ಲ, 3.3 ಇದ್ದದ್ದನ್ನೇ ಹಾಕಿದೆ. ಜೂನ್‌ನಲ್ಲಿ ಕೊಳೆ ರೋಗದ ಕರೆಗಳು ಶುರುವಾದವು ನೋಡಿ, "ಕೊಳೆಗೆ ಔಷಧಿ ಯಾವಾಗ ಹೊಡೀಬೇಕು" ಅಂದರೆ "ಕೊಳಗೆ", "ಕೋಲಿಗೆ" ಅಂತೆಲ್ಲ ಬರೆದು ಕೊಡುತ್ತಿತ್ತು. ಮೈಕು, ಲೈನು, ಮಳೆ ಸದ್ದು ಅಂತ ಒಂದೊಂದನ್ನೇ ದೂರುತ್ತಾ ಸೆಪ್ಟೆಂಬರ್ ಬಂತು.

ತಪ್ಪು ಇದ್ದದ್ದು ಭಾಗಾಕಾರದಲ್ಲಿ. ಪ್ರತಿ ಟೋಕನ್ ಬಂದಾಗಲೂ ಅದಕ್ಕೆ ಮಾಡೆಲ್ ಎಷ್ಟು ಸಂಭವ ಕೊಟ್ಟಿತ್ತು ನೋಡಿ, ಅದರ ಲಾಗ್ ತೆಗೆದು, ಚಿಹ್ನೆ ಬದಲಿಸಿ ಎಲ್ಲವನ್ನೂ ಕೂಡಿಸುತ್ತೇವೆ. ಆ ಮೊತ್ತವನ್ನು ಟೋಕನ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಕ್ರಾಸ್ ಎಂಟ್ರೊಪಿ, ಅಂದರೆ ನಿಮ್ಮ ಸ್ಕ್ರೀನ್ ಮೇಲೆ ಕಾಣುವ `loss`. e ಯನ್ನು ಅದರ ಘಾತಕ್ಕೆ ಏರಿಸಿದರೆ ಪರ್‌ಪ್ಲೆಕ್ಸಿಟಿ. 3.3 ಅಂದರೆ, ಮಾಡೆಲ್‌ಗೆ ಪ್ರತಿ ಟೋಕನ್‌ನಲ್ಲೂ ಸರಾಸರಿ ಮೂರು ಚಿಲ್ಲರೆ ಸಮಾನ ಆಯ್ಕೆಗಳ ನಡುವೆ ಇರುವಷ್ಟು ಗೊಂದಲ. ಆದರೆ ಟೋಕನ್ ಅಂದರೆ ಏನು? ಟೋಕನೈಸರ್ ಪಠ್ಯವನ್ನು ಒಡೆದ ಒಂದು ಚೂರು, ಅದು ಎಷ್ಟು ದೊಡ್ಡದು ಅನ್ನೋದು ಟೋಕನೈಸರ್‌ಗೆ ಬಿಟ್ಟದ್ದು. ಅಲ್ಲೇ ನಾನು ಎಡವಿದ್ದು.

ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ UTF-8 ನಲ್ಲಿ ಮೂರು ಬೈಟ್. "ಶಿವಮೊಗ್ಗ" ಅನ್ನೋದರಲ್ಲಿ 8 ಚಿಹ್ನೆ ಇವೆ (ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ), ಅಂದರೆ 24 ಬೈಟ್. ಮೊದಲ ಬೈಟ್ ಯಾವಾಗಲೂ `E0`, ಎರಡನೆಯದು `B2` ಇಲ್ಲವೇ `B3`, ಬೇರೆ ಇಲ್ಲ. ರೆಡಿಮೇಡ್ ಟೋಕನೈಸರ್ ಕನ್ನಡವನ್ನು ಇಂಥ ಚೂರುಗಳಾಗಿ ಒಡೆಯುತ್ತಿತ್ತು. ಹಾಗಾಗಿ ಮಾಡೆಲ್‌ಗೆ ಕಷ್ಟವೇ ಇಲ್ಲದ ಟೋಕನ್‌ಗಳು ಸಾವಿರಾರು ಸೇರಿ ಸರಾಸರಿಯನ್ನು ಕೆಳಗೆ ಎಳೆದವು. ಕನ್ನಡ ಚೆನ್ನಾಗಿ ಗೊತ್ತಿದ್ದಕ್ಕೆ ಅಲ್ಲ, ಭಾಜಕ ದೊಡ್ಡದಾಗಿದ್ದಕ್ಕೆ ಸಂಖ್ಯೆ ಚಿಕ್ಕದಾಗಿತ್ತು.

ನನ್ನ ಪರೀಕ್ಷಾ ಫೈಲ್‌ನಲ್ಲಿ ಸುಮಾರು 60,000 ಚಿಹ್ನೆ. ಮೊದಲ ಮಾಡೆಲ್ ಅದನ್ನು 90,000 ಟೋಕನ್ ಮಾಡಿತ್ತು, `loss` 1.2. ಒಟ್ಟು 1,08,000. ನಾನು ಕಟ್ಟಿದ ಟೋಕನೈಸರ್‌ನಲ್ಲಿ 18,000 ಟೋಕನ್, `loss` 4.6. ಒಟ್ಟು 82,800. ಅದೇ ಪಠ್ಯವನ್ನು ಊಹಿಸಲು 99 ರ ಮಾಡೆಲ್‌ಗೆ ಕಡಿಮೆ ಸಾಕಾಗಿತ್ತು! ಚಿಹ್ನೆಗೆ ಲೆಕ್ಕ ಹಾಕಿದರೆ ಮೊದಲನೆಯದು 2.60 ಬಿಟ್, ಎರಡನೆಯದು 1.99. ನಾನು ಬಿಸಾಡಿದ್ದು ಒಳ್ಳೆಯದನ್ನೇ.

```
ppl = math.exp(total_nll / n_tokens)
bpc = total_nll / n_chars / math.log(2)
```

ಎರಡನೇ ಸಾಲು ಮಾತ್ರ ಹೋಲಿಕೆಗೆ ಬರುತ್ತದೆ. ಇಲ್ಲಿ `n_chars` ಎಂದರೆ ಪೈಥಾನ್‌ನ `len(text)`, ಎರಡೂ ಮಾಡೆಲ್‌ಗೆ ಅದೇ ಫೈಲ್, ಅದೇ ಸಂಖ್ಯೆ. `loss` ಸರಾಸರಿ ಆಗಿದ್ದರೆ ಮೊದಲು ಟೋಕನ್ ಸಂಖ್ಯೆಯಿಂದ ಗುಣಿಸಿ. ಒಂದೇ ಟೋಕನೈಸರ್ ಇಟ್ಟುಕೊಂಡು ನಿನ್ನೆಯ ಮಾಡೆಲ್, ಇವತ್ತಿನ ಮಾಡೆಲ್ ಹೋಲಿಸುವುದಾದರೆ ಪರ್‌ಪ್ಲೆಕ್ಸಿಟಿ ಸಾಕು, ಅದಕ್ಕೆ ನಾನೂ ದಿನಾ ಅದನ್ನೇ ನೋಡುತ್ತೇನೆ.

ಈ ಲೆಕ್ಕ ಸರಿಯಾದರೂ ಒಂದು ಕಡೆ ನನಗೆ ಈಗಲೂ ಭಯ. ಕೊಳೆ ರೋಗಕ್ಕೆ ಹೊಡೆಯುವ ಒಂದು ಶೇಕಡಾ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಬರಹದಲ್ಲಿ ಆ 1 ರ ಜಾಗದಲ್ಲಿ 10 ಬಂದರೆ ಒಂದೋ ಎರಡೋ ಟೋಕನ್ ಬದಲಾಯಿತು ಅಷ್ಟೆ, 18,000 ದ ಸರಾಸರಿ ಅಲುಗಾಡುವುದೂ ಇಲ್ಲ. ತೋಟದವರಿಗೆ ಮಾತ್ರ ಎಲ್ಲಾ ಬದಲಾಗುತ್ತದೆ. ಅದಕ್ಕೇ ಈಗ ಅಳತೆ, ದಿನಾಂಕ, ರೋಗದ ಹೆಸರು ಇರುವ ಕರೆಗಳನ್ನು ಬೇರೆ ಇಟ್ಟಿದ್ದೇನೆ. ಪ್ರತಿ ಹೊಸ ಮಾಡೆಲ್ ಬರೆದ ಸಾಲನ್ನು ಕರೆಯ ಜೊತೆ ಕೇಳಿಕೊಂಡು ನಾನೇ ಕೂತು ನೋಡುತ್ತೇನೆ.

ನಿಮ್ಮ ಎರಡೂ ಮಾಡೆಲ್‌ಗಳ ಟೋಕನ್ ಎಣಿಕೆ ಹಾಕಿ, ಲೆಕ್ಕ ನೋಡೋಣ.