ಆರು ಹಾಳೆ ಭಾಷಣ, ಕೈಯಲ್ಲಿ ಬರೀ ಕಾರ್ಡು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಅವರ ಒಪ್ಪಿಗೆಯೂ ಇದೆ. ಹೆಸರಿನ ಬದಲು ‘ಸಿಸ್ಟರ್’ ಅಂತಲೇ ಕರೆಯುತ್ತೇನೆ.)

ಸಿಸ್ಟರ್ ಕೆಲಸ ಮಾಡೋದು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಮಳೆಗಾಲಕ್ಕೆ ಮುಂಚೆ ನಡೆಯುವ ತಾಲ್ಲೂಕು ಸಭೆಯಲ್ಲಿ ಡೆಂಗಿ ತಡೆಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕಿತ್ತು. ಇದೇ ವಿಷಯವನ್ನು ಮನೆಮನೆಗೆ ಹೋಗಿ ವರ್ಷಗಟ್ಟಲೆ ಹೇಳಿದವರು, ಅಲ್ಲಿ ಯಾವ ಭಯವೂ ಇಲ್ಲ. ಆದರೆ ಮೈಕ್ ಹಿಡಿದು ಮೇಲಧಿಕಾರಿಗಳ ಎದುರು ನಿಂತರೆ ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ಹಿಂದಿನ ಸಲ ಹಾಳೆ ನೋಡಿ ಓದುವಾಗ ಸಾಲು ತಪ್ಪಿ ಓದಿದ್ದನ್ನೇ ಮತ್ತೆ ಓದಿದ್ದರಂತೆ, ಯಾರೋ ನಕ್ಕಿದ್ದರು.

‘ಈ ಸಲ ಇನ್ನೂ ವಿವರವಾಗಿ ಬರೆದಿದ್ದೀನಿ ಮೇಡಂ’ ಅಂತ ಆರು ಎ4 ಹಾಳೆ ಮುಂದಿಟ್ಟರು. ಎರಡೂ ಬದಿ, ಒತ್ತೊತ್ತಾಗಿ.

ನನಗೆ ಮೊದಲು ಕಂಡ ತೊಂದರೆ ಅದೇ. ಹೆದರಿದವರು ಜಾಸ್ತಿ ಬರೆಯುತ್ತಾರೆ. ಜಾಸ್ತಿ ಬರೆದಷ್ಟೂ ಕಣ್ಣು ಹಾಳೆಯಲ್ಲೇ ಇರಬೇಕಾಗುತ್ತದೆ, ಒಮ್ಮೆ ತಲೆ ಎತ್ತಿ ಇಳಿಸಿದರೆ ಆ ಇಪ್ಪತ್ತು ಸಾಲಿನಲ್ಲಿ ತಮ್ಮ ಸಾಲು ಯಾವುದು ಅಂತ ಹುಡುಕಬೇಕು, ಹುಡುಕುವ ಆ ಎರಡು ಕ್ಷಣದ ಮೌನವೇ ಎದೆ ಬಡಿತ ಏರಿಸುತ್ತದೆ. ಬಾಯಿಪಾಠ ಮಾಡಿದರೂ ಇದೇ ಕಥೆ. ಒಂದು ಪದ ಮರೆತರೆ ಮುಂದಿನದ್ದೆಲ್ಲ ಹೋಯಿತು.

ಅವರ ಹಾಳೆಯಿಂದ ಒಂದು ವಾಕ್ಯ ನೋಡಿ: ‘ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗಳು ಮನೆಯ ಒಳಗೆ ಹಾಗೂ ಸುತ್ತಮುತ್ತ ಸಂಗ್ರಹಿಸಲ್ಪಟ್ಟ ಸ್ವಚ್ಛ ನೀರಿನಲ್ಲಿ ಮೊಟ್ಟೆಗಳನ್ನು ಇಡುವುದರಿಂದಲೂ, ಮೊಟ್ಟೆಯು ವಯಸ್ಕ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳ ಕಾಲಾವಧಿ ಬೇಕಾಗುವುದರಿಂದಲೂ, ವಾರಕ್ಕೊಮ್ಮೆ ಎಲ್ಲ ನೀರಿನ ಸಂಗ್ರಹಣೆಗಳನ್ನು ಖಾಲಿಗೊಳಿಸಿ, ಒಳಭಾಗವನ್ನು ಉಜ್ಜಿ, ಒಣಗಿಸಿ ಪುನಃ ತುಂಬಿಸುವುದು ಅತ್ಯಗತ್ಯವಾಗಿರುತ್ತದೆ.’

ಬಾಯಲ್ಲಿ ಹೀಗೆ ಯಾರಾದರೂ ಮಾತಾಡುತ್ತಾರಾ? ಸುತ್ತೋಲೆಯ ಕನ್ನಡ ಇದು. ಹಾಳೆ ಮಗುಚಿಟ್ಟು, ‘ನಾನು ನಿಮ್ಮ ಹಳ್ಳಿಯ ಒಂದು ಮನೆಯವಳು, ನನಗೆ ಹೇಳಿ’ ಅಂದೆ. ಸಿಸ್ಟರ್ ಸಲೀಸಾಗಿ ಶುರು ಮಾಡಿದರು: ‘ಅಕ್ಕಾ, ತೊಟ್ಟಿ ನೀರು ಎಷ್ಟು ದಿನ ಆಯ್ತು? ಸೊಳ್ಳೆ ಇದರಲ್ಲೇ ಮೊಟ್ಟೆ ಇಡೋದು. ವಾರಕ್ಕೊಂದ್ ಸಲ ಚೆಲ್ಲಿ, ಸುಮ್ನೆ ಚೆಲ್ಲಿದರೆ ಸಾಲದು, ಒಳಗೆ ಉಜ್ಜಬೇಕು, ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತೆ, ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ.’

ಉಜ್ಜಬೇಕಾದ ಕಾರಣ ಅಷ್ಟು ಉದ್ದದ ವಾಕ್ಯದಲ್ಲಿ ಇರಲೇ ಇಲ್ಲ! ಬಾಯಿಂದ ತಾನಾಗಿ ಬಂತು. ಹಾಗಾಗಿ ನನ್ನ ಮೊದಲ ಸಲಹೆ, ಹಾಳೆಯನ್ನು ಕತ್ತರಿಸುತ್ತಾ ಕೂರಬೇಡಿ. ಭಾಷಣದ ಜೊತೆ ತೋರಿಸುವ ಒಂದೊಂದು ಸ್ಲೈಡಿನ ಮಾತನ್ನೂ ಬಾಯಲ್ಲೇ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿಸಿಕೊಳ್ಳುತ್ತಾ ಸ್ಲೈಡಿಗೊಂದು ಚಿಕ್ಕ ಕಾರ್ಡಿಗೆ ಬೇಕಾದ್ದನ್ನು ಆಯ್ದುಕೊಳ್ಳಿ.

ಮುಂದಿನ ಭೇಟಿಗೆ ಅವರು ತಂದ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ‘ಈಡಿಸ್, ಸ್ವಚ್ಛ ನೀರು, 7–10 ದಿನ, ವಾರ, ಉಜ್ಜುವಿಕೆ.’ ನೋಡೋಕೆ ಅಚ್ಚುಕಟ್ಟಾಗಿತ್ತು. ಆದರೆ ನಿಂತು ಹೇಳಿ ಅಂದಾಗ ‘ಉಜ್ಜುವಿಕೆ’ಗೆ ಬಂದು ನಿಂತುಬಿಟ್ಟರು. ಚಿಕ್ಕದು ಮಾಡಬೇಕು ಅಂತ ಹೊರಟವರೆಲ್ಲ ಸಾಮಾನ್ಯವಾಗಿ ಎಡವೋದು ಇಲ್ಲೇ. ಮನೆಯಲ್ಲಿ ಆರಾಮಾಗಿ ಕೂತಾಗ ಒಂಟಿ ನಾಮಪದ ಸಾಕು, ಉಳಿದದ್ದನ್ನು ತಲೆ ತುಂಬಿಕೊಳ್ಳುತ್ತದೆ. ಭಯದಲ್ಲಿ ತುಂಬಿಕೊಳ್ಳಲ್ಲ. ಆಗ ಬೇಕಾಗಿರೋದು ವಿಷಯದ ಹೆಸರಲ್ಲ, ಮಾತು ಶುರುವಾಗುವ ತುದಿ: ಒಂದು ಕ್ರಿಯಾಪದ, ಒಂದು ‘ಯಾಕೆ?’, ಅಥವಾ ಹಿಂದಿನದಕ್ಕೆ ಕೊಂಡಿ ಹಾಕುವ ‘ಅದಕ್ಕೇ’. ನೋಟ್ಸ್ ಚಿಕ್ಕದು ಮಾಡುವಾಗ ಜನ ಮೊದಲು ತೆಗೆದು ಬಿಸಾಡೋದು ಈ ಪುಟ್ಟ ಪದಗಳನ್ನೇ, ಅಲ್ವಾ?

ಇಬ್ಬರೂ ಕೂತು ತಿದ್ದಿದ ಮೇಲೆ ಕಾರ್ಡು ಹೀಗಾಯಿತು:

ತೊಟ್ಟಿ, ಡ್ರಮ್, ಫ್ರಿಜ್ ಹಿಂದಿನ ಟ್ರೇ
ಮೊಟ್ಟೆ → ಸೊಳ್ಳೆ: 7–10 ದಿನ
ಅದಕ್ಕೇ ವಾರಕ್ಕೊಮ್ಮೆ ಖಾಲಿ
ಉಜ್ಜೋದು ಯಾಕೆ? ಗೋಡೆಗೆ ಅಂಟಿದ ಮೊಟ್ಟೆ!

ನಾಲ್ಕು ಸಾಲು. ‘ಈಡಿಸ್’ ಹೋಯಿತು, ಆ ಹೆಸರನ್ನು ಅವರು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. 7–10 ಉಳಿಯಿತು, ಯಾಕೆಂದರೆ ಗಾಬರಿಯಲ್ಲಿ ಮೊದಲು ಕೈಕೊಡುವುದು ಅಂಕಿ. ತಪ್ಪಿದರೆ ಮುಜುಗರವಾಗುವ ಅಂಕಿ, ಹೆಸರು, ದಿನಾಂಕ ಇವನ್ನು ಮಾತ್ರ ಪೂರ್ತಿ ಬರೆಯಿರಿ ಅಂದೆ. ಜೊತೆಗೆ ಭಾಷಣದ ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ. ಮೊದಲನೆಯದನ್ನು ಓದಿಯೇ ಹೇಳಿದರೂ ಪರವಾಗಿಲ್ಲ, ಮೈಕಿನಲ್ಲಿ ತನ್ನ ದನಿ ಕೇಳಿಸಿದ ಮೇಲೆ ಎಷ್ಟೋ ಜನ ಸ್ವಲ್ಪ ಸಡಿಲವಾಗುತ್ತಾರೆ. ಕೊನೆಯದು ಯಾಕೆ ಅಂದರೆ, ಮುಗಿಸೋದು ಹೇಗೆ ಅಂತ ಗೊತ್ತಾಗದೆ ‘ಇಷ್ಟು ಹೇಳುತ್ತಾ...’ ಅಂತ ಎಳೆಯೋದು ತಪ್ಪುತ್ತದೆ.

ಕಾರ್ಡು ಸರಿಯಾಯಿತಾ ಅಂತ ತಿಳಿಯೋಕೆ ಒಂದು ಪರೀಕ್ಷೆ ಇದೆ. ಬರೆದ ದಿನ ಬೇಡ, ಆ ದಿನ ಎಲ್ಲ ನೆನಪಿರುತ್ತದೆ. ರಾತ್ರಿ ಕಳೆದ ಮೇಲೆ ಕಾರ್ಡುಗಳನ್ನು ಕಲೆಸಿ, ಯಾವುದೋ ಒಂದನ್ನು ತೆಗೆದು, ನಿಂತುಕೊಂಡು ಒಂದೇ ನೋಟ ನೋಡಿ ತಲೆ ಎತ್ತಬೇಕು. ಎತ್ತಿದ ತಕ್ಷಣ ವಾಕ್ಯ ಶುರುವಾಗದಿದ್ದರೆ ಸುಳಿವು ಸಾಲದು. ಎತ್ತೋಕೆ ಮನಸ್ಸಾಗದೆ ಕಣ್ಣು ಓದುತ್ತಲೇ ಇದ್ದರೆ ಸಾಲು ಉದ್ದವಾಯಿತು. ಪ್ರತಿ ಸಲ ಬೇರೆ ಬೇರೆ ಪದ ಬಳಸಿ ಹೇಳಿದರೆ ಬಹಳ ಒಳ್ಳೆಯದು, ಬಾಯಿಪಾಠ ಆಗಿಲ್ಲ ಅಂತ ಅರ್ಥ.

ಕಾಗದದ ವಿಷಯವೂ ಸಣ್ಣದಲ್ಲ. ತೆಳು ಎ4 ಹಾಳೆ ಕೈ ನಡುಗಿದಾಗ ಜೋರಾಗಿ ಅಲ್ಲಾಡುತ್ತದೆ, ಅದನ್ನು ಸಭೆಯೂ ನೋಡುತ್ತದೆ, ಅದು ನೋಡ್ತಿದೆ ಅಂತ ಇವರಿಗೂ ಗೊತ್ತಾಗುತ್ತದೆ. ಹಾಗಾಗಿ ಅಂಗೈ ಅಗಲದ ದಪ್ಪ ಕಾರ್ಡು, ಒಂದೇ ಬದಿ ಬರಹ, ದೊಡ್ಡ ಅಕ್ಷರ. ಮೂಲೆಯಲ್ಲಿ ನಂಬರು, ತೂತಿಗೆ ದಾರ, ಬಿದ್ದರೂ ಕಲೆಸಿಹೋಗಬಾರದು. ತಾಲ್ಲೂಕು ಸಭೆಯ ಸಭಾಂಗಣದಲ್ಲಿ ಲ್ಯಾಪ್‌ಟಾಪ್ ಬೇರೆ ಮೇಜಿನ ಮೇಲೆ ಬೇರೆಯವರ ಕೈಯಲ್ಲಿ ಇರುತ್ತದೆ, ಸ್ಲೈಡಿನ ಕೆಳಗೆ ಟೈಪ್ ಮಾಡಿದ ನೋಟ್ಸ್ ಇವರಿಗೆ ಕಾಣಲ್ಲ. ‘ನೆಕ್ಸ್ಟ್’ ಅನ್ನಬೇಕಾದ ಜಾಗಕ್ಕೆ ಕೆಂಪು ಚುಕ್ಕೆ ಹಾಕಿಕೊಂಡರು.

ಆರು ಹಾಳೆಯನ್ನು ಏನು ಮಾಡೋದು? ಹರಿದುಹಾಕಿ ಅಂತ ನಾನು ಹೇಳಲ್ಲ. ಅದು ಅವರ ಊರುಗೋಲು, ಒಮ್ಮೆಲೇ ಕಿತ್ತುಕೊಂಡರೆ ಭಯ ಜಾಸ್ತಿಯಾಗುತ್ತದೆ. ಕಾರ್ಡು ಹಿಡಿದು ಮಾತಾಡುವ ಅಭ್ಯಾಸ ಮೊದಲು ತಮ್ಮ ಅಕ್ಕನ ಮುಂದೆ, ಹಾಳೆ ಮಡಿಲಲ್ಲಿ ಮಗುಚಿಟ್ಟು. ಆಮೇಲೆ ಆಶಾ ಕಾರ್ಯಕರ್ತೆಯರ ತಿಂಗಳ ಸಭೆಯಲ್ಲಿ, ಹಾಳೆ ಬ್ಯಾಗಿನಲ್ಲಿ. ತಾಲ್ಲೂಕು ಸಭೆಯ ದಿನವೂ ಬ್ಯಾಗಿನಲ್ಲೇ ಇರಲಿ, ವೇದಿಕೆಗೆ ಬೇಡ.

ಸಭೆಯಲ್ಲಿ ಕೈ ನಡುಗಿತಂತೆ. ನಡುವೆ ಅಧಿಕಾರಿಯೊಬ್ಬರು ಟೈರುಗಳ ಬಗ್ಗೆ ಪ್ರಶ್ನೆ ಕೇಳಿ ಮಾತು ತುಂಡಾಯಿತು. ಉತ್ತರ ಕೊಟ್ಟು ಕಾರ್ಡು ನೋಡಿದರೆ ನಾಲ್ಕೇ ಸಾಲು, ನಿಲ್ಲಿಸಿದ ಜಾಗ ಸಿಕ್ಕಿತು. ಒಂದು ಅಂಶ ಬಿಟ್ಟುಹೋಯಿತು, ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಅವರು ಕೇಳಿದ್ದು: ಔಷಧಿಯ ಪ್ರಮಾಣ, ಸರ್ಕಾರಿ ಆದೇಶ ಇವನ್ನೂ ಹೀಗೇ ಚಿಕ್ಕದು ಮಾಡಬಹುದಾ? ಬೇಡ. ಪದ ಬದಲಾದರೆ ಅರ್ಥ ಕೆಡುವಂಥದ್ದನ್ನು ‘ಇದನ್ನು ಓದಿ ಹೇಳ್ತೀನಿ’ ಅಂತ ಹೇಳಿಯೇ ಓದಿ. ಇನ್ನೊಂದು ಮಾತನ್ನೂ ಸೇರಿಸಿದೆ. ಸಭೆಗೆ ವಾರಗಳ ಮುಂಚೆಯೇ ನಿದ್ದೆ ಕೆಡುವುದು, ಮಾತಾಡಬೇಕಾಗುತ್ತೆ ಅಂತ ರಜೆ ಹಾಕುವುದು ಶುರುವಾದರೆ ಅದಕ್ಕೆ ಕಾರ್ಡು ಮದ್ದಲ್ಲ. ಆಗ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟ್‌ರನ್ನೋ ನೋಡಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.