ಸಾಲಿನಲ್ಲಿ ಇಲ್ಲದ ಉತ್ತರ

“ಏಳನೇ ತರಗತಿಯ ಮಗಳು ಇಂಗ್ಲಿಷ್ ಪ್ಯಾಸೇಜಿನ ನೇರ ಪ್ರಶ್ನೆಗಳನ್ನೆಲ್ಲ ಬರೆಯುತ್ತಾಳೆ. ‘ವೈ ಡು ಯು ಥಿಂಕ್’ ಎಂದು ಬಂದರೆ ಮಾತ್ರ ಯಾವುದೋ ಸಾಲನ್ನು ನಕಲು ಮಾಡುತ್ತಾಳೆ. ಹೇಗೆ ಹೇಳಿಕೊಡಲಿ?”

ಪ್ರಶ್ನೆಯ ಪದಗಳಿರುವ ಸಾಲನ್ನು ಹುಡುಕಿ ಇಳಿಸುವ ರೂಢಿಯೇ ಬಹುಶಃ ಕಾರಣ. ನೇರ ಪ್ರಶ್ನೆಗೆ ಅದು ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಹುಡುಗನೊಬ್ಬ ಅಂಕಪಟ್ಟಿಯನ್ನು ಪುಸ್ತಕದಡಿ ತುರುಕಿದ, ಅಮ್ಮ ಕರೆದರೂ ತಲೆ ಎತ್ತಲಿಲ್ಲ ಎಂದು ಪ್ಯಾಸೇಜಿನಲ್ಲಿದೆ ಎನ್ನಿ. ಅವನಿಗೆ ಹೇಗನಿಸಿತು ಎಂಬುದು ಪ್ರಶ್ನೆ. ಮೊದಲು ಅವನು ಮಾಡಿದ್ದರ ಕೆಳಗೆ ಗೆರೆ ಎಳೆಸಿ. ಬಳಿಕ, ‘ಯಾರಾದರೂ ಹೀಗೆ ಯಾವಾಗ ಮಾಡುತ್ತಾರೆ?’ ಎಂದು ಕನ್ನಡದಲ್ಲೇ ಕೇಳಿ. ‘ಹೆದರಿದಾಗ’ ಎಂದಳೇ? ಉತ್ತರ ಸಿಕ್ಕಿತು. ಅದನ್ನು ಇಂಗ್ಲಿಷಿನಲ್ಲಿ ಮೊದಲು ಬರೆಸಿ, ‘ಬಿಕಾಸ್’ ಸೇರಿಸಿ, ಗೆರೆ ಎಳೆದ ಸುಳಿವನ್ನು ಅವಳದೇ ಮಾತಿನಲ್ಲಿ ಮುಂದುವರಿಸಲಿ.

‘ಅವನು ಫೇಲಾಗಿದ್ದ’ ಎಂದು ಬರೆದರೆ ಒಪ್ಪಬೇಡಿ. ಅಂಕ ಕಡಿಮೆ ಬಂದಿರಬಹುದು ಎನ್ನುವವರೆಗೆ ಸುಳಿವಿದೆ. ಫೇಲಿಗೆ ಬೆರಳಿಟ್ಟು ತೋರಿಸುವ ಸಾಲಿಲ್ಲ. ಮಕ್ಕಳು ಈ ಜಿಗಿತವನ್ನು ಬಹಳ ಬೇಗ ಜಿಗಿಯುತ್ತಾರೆ.

ಎರಡು ಅಂಕದ ಪ್ರಶ್ನೆಗೆ ಎರಡು ಸುಳಿವು ಬೇಕೇ ಎಂಬುದು ಶಿಕ್ಷಕರನ್ನು ಅವಲಂಬಿಸಿದೆ, ಕೇಳಿಕೊಳ್ಳಿ. ಕನ್ನಡದಲ್ಲಿ ಸರಿಯಾಗಿ ಹೇಳಿ ಇಂಗ್ಲಿಷಿನಲ್ಲಿ ತಡವರಿಸಿದರೆ ಕೊರತೆ ಇರುವುದು ಪದಗಳದ್ದು. ಆಗ ನರ್ವಸ್, ಅಶೇಮ್ಡ್, ರಿಲೀವ್ಡ್‌ನಂತಹ ಭಾವದ ಪದಗಳನ್ನು ಕೊಟ್ಟು, ಹೊಂದುವುದನ್ನು ಅವಳಿಂದಲೇ ಆರಿಸಿ ಬರೆಸಿ.